ಅಪ್ಪ ಮಾರಿದ ನಿವೇಶನ, ಆರು ವರ್ಷದ ದಾವೆ

ಕಳೆದ ತಿಂಗಳು ನಮ್ಮ ರಾಜಿ ಡಿಕ್ರಿಯ ದೃಢೀಕೃತ ನಕಲು ಕೈಗೆ ಬಂತು. 2018ರ ಫೆಬ್ರವರಿಯಲ್ಲಿ ಶುರುವಾದ ಸಂಗತಿ ಅದು. ನಾನು ವಕೀಲಳಲ್ಲ, ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಆದರೂ ಇಷ್ಟು ವರ್ಷ ಒಂದೇ ಕಡತದ ಹಿಂದೆ ಓಡಾಡಿದ್ದರಿಂದ, ಮೊದಲ ದಿನವೇ ತಿಳಿದಿರಬೇಕಾಗಿದ್ದ ಕೆಲವು ಮಾತುಗಳು ಈಗ ತಿಳಿದಿವೆ. ಅವನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನಮ್ಮದು ಚಾಮರಾಜಪೇಟೆಯ ಹಳೆಯ ಮನೆ. ಮುತ್ತಜ್ಜನಿಂದ ಬಂದ ಆಸ್ತಿಯನ್ನು 1983ರಲ್ಲಿ ತಾತ ಮತ್ತು ಅವರ ಇಬ್ಬರು ಗಂಡುಮಕ್ಕಳು ನೋಂದಾಯಿತ ಪಾಲುಪಟ್ಟಿಯ ಮೂಲಕ ಹಂಚಿಕೊಂಡರು. ಅಪ್ಪನ ಪಾಲಿಗೆ ಈ ಮನೆಯೂ ಕೆಂಗೇರಿ ಕಡೆಯ ಎರಡು ನಿವೇಶನಗಳೂ ಬಂದವು. ನಾವು ಮೂವರು ಮಕ್ಕಳು: ಅಣ್ಣ, ಅಕ್ಕ, ನಾನು. ಅಮ್ಮ 2015ರಲ್ಲಿ ತೀರಿಕೊಂಡರು. ಅಕ್ಕನ ಮದುವೆ 1991ರಲ್ಲಿ ಆಯಿತು, ಅವಳು ಹಾಸನದಲ್ಲಿದ್ದಾಳೆ.

ಚಿಕ್ಕ ನಿವೇಶನವನ್ನು ಅಪ್ಪ 2009ರಲ್ಲೇ ಮಾರಿದ್ದರು. ಅಮ್ಮನ ಹೃದಯದ ಶಸ್ತ್ರಚಿಕಿತ್ಸೆಯ ಸಮಯ ಅದು. ದೊಡ್ಡದು, ನಲವತ್ತು ಅರವತ್ತರ ನಿವೇಶನ, ಹಾಗೆಯೇ ಉಳಿದಿತ್ತು. 2018ರ ಫೆಬ್ರವರಿಯಲ್ಲಿ ಅಲ್ಲಿಯ ನೆರೆಯವರೊಬ್ಬರು ಅಕ್ಕನಿಗೆ ಫೋನ್ ಮಾಡಿ, ದಲ್ಲಾಳಿಗಳು ಬಂದು ಅಳತೆ ಮಾಡುತ್ತಿದ್ದಾರೆ ಎಂದು ಹೇಳಿದರು. ಅಪ್ಪನನ್ನು ಕೇಳಿದೆ. "ನಾನು ಮನೆಯ ಯಜಮಾನ, ಯಾವುದನ್ನು ಯಾವಾಗ ಮಾರಬೇಕೆಂದು ನನಗೆ ಗೊತ್ತಿದೆ" ಎಂದರು. ಅಣ್ಣ ತಲೆ ಎತ್ತಲಿಲ್ಲ. ಅವನು ಸ್ನೇಹಿತನೊಬ್ಬನ ಜೊತೆ ಹೊಸ ವ್ಯಾಪಾರ ಶುರುಮಾಡಲು ಹೊರಟಿದ್ದಾನೆಂಬುದು ನನಗೆ ಗೊತ್ತಿತ್ತು.

ಮರುವಾರ ವಕೀಲರೊಬ್ಬರನ್ನು ಕಂಡೆ. ಮಾರಾಟಕ್ಕೆ ಮುಂಚೆಯೇ ತಡೆಯಾಜ್ಞೆ ತರಬಹುದು ಎಂದು ನಾನು ಖಚಿತವಾಗಿ ನಂಬಿದ್ದೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಅವಿಭಕ್ತ ಕುಟುಂಬದ ಕರ್ತನಿಗೆ, ಅಂದರೆ ವ್ಯವಹಾರ ನೋಡುವ ಯಜಮಾನನಿಗೆ, ಕುಟುಂಬದ ಅವಶ್ಯಕತೆಗಾಗಿ ಅಥವಾ ಆಸ್ತಿಯ ಒಳಿತಿಗಾಗಿ ಇಡೀ ಆಸ್ತಿಯನ್ನು, ಉಳಿದವರ ಪಾಲನ್ನೂ ಸೇರಿಸಿ, ಮಾರುವ ಅಧಿಕಾರವಿದೆ. ಅದಕ್ಕೆ ಉಳಿದವರ ಸಹಿ ಬೇಕಿಲ್ಲ. ಅವಶ್ಯಕತೆ ಇದೆಯೋ ಇಲ್ಲವೋ ಎಂದು ಮಾರುವ ಮೊದಲೇ ನ್ಯಾಯಾಲಯ ವಿಚಾರಣೆ ಮಾಡಿ ಕರ್ತನ ಕೈ ಕಟ್ಟುವುದಿಲ್ಲ. ಸುನಿಲ್ ಕುಮಾರ್ ವಿರುದ್ಧ ರಾಮ್ ಪ್ರಕಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲೇ ಹಾಗೆ ಹೇಳಿದೆ. ಕರ್ತ ಆಸ್ತಿಯನ್ನು ಹಾಳುಗೆಡವುತ್ತಿದ್ದರೆ ಅಥವಾ ಸದಸ್ಯರನ್ನು ಹೊರಗಟ್ಟುತ್ತಿದ್ದರೆ ಮಾತು ಬೇರೆ. ಇಲ್ಲವಾದರೆ ಮಾರಾಟವಾದ ಮೇಲೆ ಅದನ್ನು ಪ್ರಶ್ನಿಸುವುದೇ ದಾರಿ.

ಆದರೆ ಅವರು ಇನ್ನೊಂದು ಮಾತನ್ನೂ ಹೇಳಿದ್ದರು. "ನಿಮಗೆ ಬೇರೆಯಾಗುವ ಮನಸ್ಸಿದ್ದರೆ ಈಗಲೇ ಸ್ಪಷ್ಟವಾಗಿ ಬರೆದು ನಿಮ್ಮ ತಂದೆಗೆ ನೋಟಿಸ್ ತಲುಪಿಸಿ, ಇಲ್ಲವೇ ಪಾಲಿನ ದಾವೆ ಹೂಡಿ. ಅಲ್ಲಿಗೆ ನಿಮ್ಮ ಮಟ್ಟಿಗೆ ಅವಿಭಕ್ತ ಸ್ಥಿತಿ ಮುಗಿಯುತ್ತದೆ. ಆಮೇಲೆ ಕರ್ತನೆಂಬ ಅಧಿಕಾರದಿಂದ ಅವರು ನಿಮ್ಮ ಪಾಲನ್ನು ಮಾರಲಾಗದು." ನನ್ನಿಂದ ಅದಾಗಲಿಲ್ಲ. ಎಪ್ಪತ್ತನಾಲ್ಕು ವಯಸ್ಸಿನ ಅಪ್ಪನಿಗೆ ವಕೀಲರ ನೋಟಿಸ್ ಕಳಿಸುವ ಧೈರ್ಯ ಬರಲಿಲ್ಲ. ಯುಗಾದಿ ಕಳೆಯಲಿ, ಅಕ್ಕ ಬರಲಿ ಎಂದು ದಿನ ತಳ್ಳಿದೆ. ಜೂನ್‌ನಲ್ಲಿ ನಿವೇಶನ ಮಾರಾಟವಾಯಿತು. ಆ ನಾಲ್ಕು ತಿಂಗಳು ನಾನು ಸುಮ್ಮನಿದ್ದದ್ದಕ್ಕೆ ಮುಂದೆ ಆರು ವರ್ಷ ತೆರಬೇಕಾಯಿತು. ನಿಮ್ಮ ಮನೆಯಲ್ಲಿ ಇನ್ನೂ ಮಾರಾಟವಾಗಿಲ್ಲದಿದ್ದರೆ ದಯವಿಟ್ಟು ಈ ಒಂದು ಭಾಗವನ್ನು ಎರಡು ಸಲ ಓದಿ.

ಮಾರಾಟದ ವಿಷಯ ನಮಗೆ ತಿಳಿದದ್ದು ಆಗಸ್ಟ್‌ನಲ್ಲಿ, ನಿವೇಶನದ ಸುತ್ತ ಹೊಸ ಕಾಂಪೌಂಡ್ ಎದ್ದಾಗ. ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿದಾಗ ಕ್ರಯಪತ್ರದ ಸಂಖ್ಯೆ ಸಿಕ್ಕಿತು. ಅದನ್ನು ಹಿಡಿದು ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ಪಡೆದೆವು. ಬೆಲೆ 64 ಲಕ್ಷ. ಮಾರಿದವರು ಅಪ್ಪ, ಜೊತೆಗೆ ಸಹಿ ಹಾಕಿದವನು ಅಣ್ಣ. ಎರಡನೇ ಪುಟದಲ್ಲಿ "ಕುಟುಂಬದ ಅವಶ್ಯಕತೆಗಳಿಗಾಗಿ" ಎಂಬ ಒಂದು ಸಾಲು. ನಮ್ಮಿಬ್ಬರ ಹೆಸರು ಎಲ್ಲಿಯೂ ಇರಲಿಲ್ಲ. ಅಪ್ಪನಿಗೆ ಮಕ್ಕಳೇ ಇಬ್ಬರು ಕಡಿಮೆಯಾದಂತೆ ಕಂಡಿತು. ಆ ಪುಟವನ್ನು ಓದುತ್ತ ಅಕ್ಕ ಕಚೇರಿಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು.

ನಿಜವಾದ ಹುಡುಕಾಟ ಆಮೇಲೆ ಶುರುವಾಯಿತು. ಅಪ್ಪನ ಹೆಸರಿನಲ್ಲಿ ಖಾತೆ ಇದ್ದ ಮಾತ್ರಕ್ಕೆ ಆಸ್ತಿ ಅವರ ಸ್ವಯಾರ್ಜಿತ ಆಗುವುದಿಲ್ಲ. ಹಾಗೆಯೇ ತಾತನ ಕಾಲದಿಂದ ಇದೆ ಎಂದ ಮಾತ್ರಕ್ಕೆ ಅದು ಪಿತ್ರಾರ್ಜಿತವೂ ಆಗುವುದಿಲ್ಲ. ತಾತ ಸ್ವಂತವಾಗಿ ಸಂಪಾದಿಸಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಉತ್ತರಾಧಿಕಾರದಿಂದ ಅಪ್ಪನಿಗೆ ಬಂದಿದ್ದರೆ ಅದು ಅಪ್ಪನ ಸ್ವಂತ ಆಸ್ತಿ, ಮಕ್ಕಳಿಗೆ ಹುಟ್ಟಿನಿಂದ ಹಕ್ಕಿಲ್ಲ. ದಾವೆ ಹೂಡಿ ಸೋತ ಎಷ್ಟೋ ಮಂದಿ ಎಡವಿದ್ದು ಇಲ್ಲಿಯೇ ಎಂದು ವಕೀಲರು ಎಚ್ಚರಿಸಿದ್ದರು. ನಮ್ಮ ಮುತ್ತಜ್ಜ 1949ರಲ್ಲಿ ತೀರಿಕೊಂಡಿದ್ದರು. ಅಲ್ಲಿಂದ ತಾತನಿಗೆ, ಆಮೇಲೆ 1983ರ ಪಾಲಿನಲ್ಲಿ ಅಪ್ಪನಿಗೆ ಬಂದ ಆಸ್ತಿ ಇದು. ಹೀಗೆ ಪಾಲಿನಲ್ಲಿ ಬಂದದ್ದು ಅಪ್ಪನ ಮಕ್ಕಳ ಮಟ್ಟಿಗೆ ಪಿತ್ರಾರ್ಜಿತವಾಗಿಯೇ ಉಳಿಯುತ್ತದೆ. ಹಾಗಾಗಿ ಆ ಪಾಲುಪಟ್ಟಿಯೇ ನಮ್ಮ ದಾವೆಯ ಬೆನ್ನೆಲುಬು. ಅದರ ಮೂಲಪ್ರತಿ ಅಪ್ಪನ ಬಳಿ ಇತ್ತು, ಅವರು ಕೊಡಲಿಲ್ಲ. ಅಂತರ್ಜಾಲದಲ್ಲಿ ಅಷ್ಟು ಹಳೆಯ ದಾಖಲೆ ಸಿಗುವುದಿಲ್ಲ. ಹಳೆಯ ಸೂಚಿ ಪುಸ್ತಕಗಳಲ್ಲಿ ಕೈಯಿಂದಲೇ ಹುಡುಕಿಸಬೇಕಾಯಿತು. ವರ್ಷ ಗೊತ್ತಿದ್ದರೂ ತಿಂಗಳು ಗೊತ್ತಿರಲಿಲ್ಲವಾದ್ದರಿಂದ ಹನ್ನೊಂದು ಸಲ ಓಡಾಡಿದೆ. ಕೊನೆಗೆ ಚಿಕ್ಕಪ್ಪನ ಮಗ ತಮ್ಮ ಮನೆಯ ಟ್ರಂಕಿನಲ್ಲಿದ್ದ ಜೆರಾಕ್ಸ್ ಪ್ರತಿಯಿಂದ ನೋಂದಣಿ ಸಂಖ್ಯೆ ಓದಿ ಹೇಳಿದ. ಅದಾದ ಎಂಟು ದಿನಕ್ಕೆ ದೃಢೀಕೃತ ನಕಲು ಸಿಕ್ಕಿತು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆವು, ಅದು ತೊಂದರೆಯಿಲ್ಲದೆ ಬಂತು.

ಎರಡೂ ಮಾರಾಟವನ್ನು ಪ್ರಶ್ನಿಸೋಣ ಎಂದು ಅಕ್ಕ ಹೇಳಿದಳು. ವಕೀಲರು 2009ರ ಲೆಕ್ಕ ಕೇಳಿದರು. ಅದು 11 ಲಕ್ಷಕ್ಕೆ ಹೋಗಿತ್ತು. ಆಸ್ಪತ್ರೆಗೆ 4 ಲಕ್ಷ, ಅದಕ್ಕೂ ಮುಂಚೆ ಅಮ್ಮನ ಚಿಕಿತ್ಸೆಗೆಂದೇ ಬಡ್ಡಿಗೆ ತಂದಿದ್ದ ಸಾಲ ತೀರಿಸಲು 5 ಲಕ್ಷ. ಉಳಿದ 2 ಲಕ್ಷ ಎಲ್ಲಿ ಹೋಯಿತೆಂದು ಯಾರಿಗೂ ನೆನಪಿಲ್ಲ. "ಇದನ್ನು ಮುಟ್ಟಬೇಡಿ" ಎಂದರು. ಹಣದ ಬಹುಭಾಗ ನಿಜವಾದ ಅವಶ್ಯಕತೆಗೆ ಹೋಗಿದ್ದರೆ, ಉಳಿದ ಸಣ್ಣ ಮೊತ್ತಕ್ಕೆ ಕೊಂಡವನು ಲೆಕ್ಕ ಒಪ್ಪಿಸಬೇಕಾಗಿಲ್ಲ. ಅಂಥ ಮಾರಾಟ ನಾವು ಸಹಿ ಹಾಕದಿದ್ದರೂ ನಮ್ಮನ್ನು ಕಟ್ಟಿಹಾಕುತ್ತದೆ. ಅಕ್ಕನಿಗೆ ಬೇಸರವಾಯಿತು. ನನಗೆ ಮಾತ್ರ ಒಂದು ಬಗೆಯ ಸಮಾಧಾನ. ಅಮ್ಮನ ಚಿಕಿತ್ಸೆಯ ಹಣವನ್ನು ಕೋರ್ಟಿನಲ್ಲಿ ಎಳೆದಾಡುವುದು ನನಗೆ ಬೇಕಿರಲಿಲ್ಲ.

2018ರ ಮಾರಾಟದ ಕಥೆ ಬೇರೆ. ಕುಟುಂಬದ ಹಳೆಯ ವ್ಯಾಪಾರವನ್ನು ಉಳಿಸಲು ಕರ್ತ ಆಸ್ತಿ ಮಾರಬಹುದು. ಆದರೆ ಹೊಸದೊಂದು ವ್ಯಾಪಾರದ ನಷ್ಟಭಯವನ್ನು ಉಳಿದವರ ಒಪ್ಪಿಗೆಯಿಲ್ಲದೆ ಅವರ ತಲೆಯ ಮೇಲೆ ಹಾಕುವಂತಿಲ್ಲ. ಹಾಗಾಗಿ 64 ಲಕ್ಷ ಎಲ್ಲಿ ಹೋಯಿತು ಎಂಬುದೇ ನಮ್ಮ ಪ್ರಶ್ನೆಯಾಯಿತು.

2019ರ ಜನವರಿಯಲ್ಲಿ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದೆವು. ಅಕ್ಕ ಮತ್ತು ನಾನು ವಾದಿಗಳು. ಅಪ್ಪ, ಅಣ್ಣ, ಕೊಂಡವರು ಪ್ರತಿವಾದಿಗಳು. ಕೇಳಿದ್ದು ಎರಡು: ನಾಲ್ಕರಲ್ಲಿ ಒಂದೊಂದು ಪಾಲು ನಮಗೆ ಬೇಕು, ಮತ್ತು ಆ ಕ್ರಯಪತ್ರ ನಮ್ಮ ಪಾಲನ್ನು ಬಂಧಿಸುವುದಿಲ್ಲ ಎಂದು ಘೋಷಿಸಬೇಕು. ನಾವು ಪತ್ರಕ್ಕೆ ಸಹಿ ಹಾಕಿದವರಲ್ಲವಾದ್ದರಿಂದ ಅದನ್ನು ರದ್ದುಪಡಿಸಿ ಎಂದು ಕೇಳುವ ಅಗತ್ಯವಿರಲಿಲ್ಲ. ಜಂಟಿ ಸ್ವಾಧೀನದಲ್ಲಿದ್ದೇವೆ ಎಂದು ಹೇಳುವ ಪಾಲಿನ ದಾವೆಗೆ ಕರ್ನಾಟಕದ ಕಾಯ್ದೆಯಲ್ಲಿ ನ್ಯಾಯಾಲಯ ಶುಲ್ಕ ಹೆಚ್ಚೆಂದರೆ 200 ರೂಪಾಯಿ. ಸ್ವಾಧೀನ ತಪ್ಪಿಹೋಗಿದೆ ಎಂದಾದರೆ ಮಾತ್ರ ನಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಕಟ್ಟಬೇಕು. ಕಾಂಪೌಂಡ್ ಹಾಕಿದ್ದೇವೆ, ನೀವು ಸ್ವಾಧೀನದಲ್ಲಿಲ್ಲ ಎಂದು ಎದುರಿನವರು ಕೊನೆಯವರೆಗೂ ವಾದಿಸಿದರು. ಅದೂ ಒಂದು ವಿವಾದಾಂಶವಾಯಿತು.

ಮಾರಾಟಕ್ಕೆ ಮುಂಚೆ ಅಪ್ಪನ ವಿರುದ್ಧ ಸಿಗದಿದ್ದ ತಡೆ, ಮಾರಾಟದ ನಂತರ ಕೊಂಡವರ ವಿರುದ್ಧ ಸಿಕ್ಕಿತು. ದಾವೆ ಹೂಡಿದ ಐದನೇ ವಾರ ಯಥಾಸ್ಥಿತಿ ಕಾಪಾಡುವ ಆದೇಶ ಬಂತು. ಕಟ್ಟುವಂತಿಲ್ಲ, ಮತ್ತೊಬ್ಬರಿಗೆ ಮಾರುವಂತಿಲ್ಲ.

ಆಮೇಲೆ ನಾನೇ ತಂದುಕೊಂಡ ಒಂದು ತೊಡಕು. ಅಪ್ಪ ವಾಸವಿರುವ ಮನೆಯನ್ನು ದಾವೆಗೆ ಎಳೆಯಬಾರದೆಂದು ಹಟ ಹಿಡಿದು, ನಿವೇಶನವನ್ನು ಮಾತ್ರ ಸೇರಿಸಿದ್ದೆ. ಪಾಲು ಕೇಳುವಾಗ ಕುಟುಂಬದ ಎಲ್ಲ ಆಸ್ತಿಯನ್ನೂ ಎಲ್ಲ ಪಾಲುದಾರರನ್ನೂ ಸೇರಿಸಬೇಕು, ಭಾಗಶಃ ಪಾಲಿನ ದಾವೆ ನಿಲ್ಲುವುದಿಲ್ಲ ಎಂದು ಎದುರಿನ ವಕೀಲರು ಆಕ್ಷೇಪ ಎತ್ತಿದರು. ನಮ್ಮ ವಕೀಲರು ಮೊದಲೇ ಹೇಳಿದ್ದರು, ನಾನು ಕೇಳಿರಲಿಲ್ಲ. ತಿದ್ದುಪಡಿ ಅರ್ಜಿ, ಅದಕ್ಕೆ ತಕರಾರು, ಆದೇಶ, ಹೊಸ ಲಿಖಿತ ಹೇಳಿಕೆ ಎಂದು ಏಳು ತಿಂಗಳು ಹೋಯಿತು. ಮನೆಯೂ ದಾವೆಯಲ್ಲಿದೆ ಎಂದು ತಿಳಿದ ದಿನ ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಗಣೇಶ ಚೌತಿಗೆ ಹೋದರೆ ಬಾಗಿಲು ತೆರೆದು ಒಳಗೆ ಹೋಗಿ ಮಲಗಿದರು.

2020ರಲ್ಲಿ ಕೋವಿಡ್‌ನಿಂದ ವಿಚಾರಣೆ ನಿಂತಿತು. ಅದೇ ವರ್ಷ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಹದಾಯಾದಿಗಳು, ಅಂದರೆ ಪಿತ್ರಾರ್ಜಿತ ಆಸ್ತಿಯ ಪಾಲುದಾರರು ಎಂದು ಅದು ಸ್ಪಷ್ಟಪಡಿಸಿತು. ಅಕ್ಕನಿಗೆ 1994ಕ್ಕಿಂತ ಮುಂಚೆಯೇ ಮದುವೆಯಾಗಿದೆ, ಅವಳಿಗೆ ಹಕ್ಕಿಲ್ಲ ಎಂಬ ಎದುರಿನವರ ವಾದ ಅಲ್ಲಿಗೆ ಸತ್ತುಹೋಯಿತು. ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ತಂದ ಹಳೆಯ ತಿದ್ದುಪಡಿಯಲ್ಲಿ ಅಂಥ ಮಿತಿ ಇತ್ತು, 2005ರ ಕೇಂದ್ರ ತಿದ್ದುಪಡಿಯಲ್ಲಿ ಇಲ್ಲ. ಆದರೆ ಒಂದು ದಿನಾಂಕವನ್ನು ಹೆಣ್ಣುಮಕ್ಕಳು ನೆನಪಿಟ್ಟುಕೊಳ್ಳಬೇಕು: 2004ರ ಡಿಸೆಂಬರ್ 20. ಅದಕ್ಕೆ ಮುಂಚೆ ಆಗಿಹೋದ ಮಾರಾಟವನ್ನಾಗಲಿ ನೋಂದಾಯಿತ ಪಾಲನ್ನಾಗಲಿ ಈ ಹೊಸ ಹಕ್ಕಿನ ಬಲದಿಂದ ಪ್ರಶ್ನಿಸಲು ಬರುವುದಿಲ್ಲ.

ಅವಧಿ ಮೀರಿದೆ, ಮೂರು ವರ್ಷದ ಮಿತಿ ಎಂಬ ಮಾತೂ ಅವರ ಲಿಖಿತ ಹೇಳಿಕೆಯಲ್ಲಿತ್ತು. ನಾವು ಏಳನೇ ತಿಂಗಳಲ್ಲೇ ಬಂದಿದ್ದರಿಂದ ನಮಗೆ ಅದು ಲೆಕ್ಕಕ್ಕೇ ಬರಲಿಲ್ಲ. ಆದರೂ ತಡವಾಗಿ ಎಚ್ಚೆತ್ತವರಿಗಾಗಿ ಹೇಳುತ್ತೇನೆ. ತಂದೆ ಮಾಡಿದ ಪಿತ್ರಾರ್ಜಿತ ಆಸ್ತಿಯ ಪರಭಾರೆಯನ್ನು ಪ್ರಶ್ನಿಸಲು ಕಾಲಮಿತಿ ಕಾಯ್ದೆಯ 109ನೇ ಅನುಚ್ಛೇದ 12 ವರ್ಷ ಕೊಡುತ್ತದೆ, ಅದೂ ಕೊಂಡವರು ಸ್ವಾಧೀನ ಪಡೆದ ದಿನದಿಂದ. 2022ರಲ್ಲಿ ಕರ್ನಾಟಕದಿಂದಲೇ ಹೋದ ಕೆ.ಸಿ. ಲಕ್ಷ್ಮಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಅನ್ವಯಿಸಿತು. ಅಲ್ಲಿದ್ದದ್ದು ದಾನಪತ್ರ. ಪ್ರೀತಿ ವಿಶ್ವಾಸದಿಂದ ಕೊಟ್ಟೆ ಎಂದು ಕರ್ತ ಕುಟುಂಬದ ಸ್ಥಿರಾಸ್ತಿಯನ್ನು ದಾನ ಮಾಡುವಂತಿಲ್ಲ ಎಂದೂ ಹೇಳಿತು. ಮಾರಾಟಕ್ಕೆ ಒಪ್ಪಿಗೆ ಕೊಟ್ಟವರಿಗೆ ಮಾತ್ರ ಎಷ್ಟು ವರ್ಷವಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಸಾಕ್ಷಿ ಎಂದು ಕರೆದು ಯಾವ ಕಾಗದಕ್ಕಾದರೂ ಸಹಿ ಹಾಕಿಸುತ್ತಿದ್ದರೆ ಮೊದಲು ಓದಿ.

ನಾವು ನಿಜವಾಗಿ ಹೆದರಿದ್ದು 2022ರ ಆರಂಭದಲ್ಲಿ. ಬೀರೆಡ್ಡಿ ದಶರಥರಾಮಿ ರೆಡ್ಡಿ ಪ್ರಕರಣದ 2021ರ ತೀರ್ಪನ್ನು ಎದುರಿನ ವಕೀಲರು ಸಲ್ಲಿಸಿದರು. ಅದೂ ಕರ್ನಾಟಕದ್ದೇ. ಕರ್ತ ಮಾಡಿಕೊಂಡ ಕ್ರಯದ ಕರಾರಿಗೆ ಮಗನ ಸಹಿ ಬೇಕಿಲ್ಲ ಎಂದು ಅದರಲ್ಲಿತ್ತು. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಿಗ್ಗೆ ನಮ್ಮ ವಕೀಲರು ಹೇಳಿದರು: "ನೋಡಿ ಮೇಡಂ, ಸಹಿ ಬೇಕೆಂದು ನಾವು ವಾದಿಸುತ್ತಲೇ ಇಲ್ಲ. ಅಲ್ಲಿ ಅವಶ್ಯಕತೆ ಇತ್ತೆಂದು ನ್ಯಾಯಾಲಯ ಒಪ್ಪಿದೆ. ಇಲ್ಲಿ ಅದನ್ನು ಅವರು ಸಾಬೀತು ಮಾಡಲಿ." ಸಾಬೀತು ಮಾಡುವ ಹೊಣೆ ಕೊಂಡವರದ್ದು. ಒಂದೋ ಅವಶ್ಯಕತೆ ನಿಜವಾಗಿಯೂ ಇತ್ತೆಂದು ತೋರಿಸಬೇಕು, ಇಲ್ಲವೇ ತಾನು ಪ್ರಾಮಾಣಿಕವಾಗಿ ವಿಚಾರಿಸಿ ಇದೆಯೆಂದು ನಂಬಿದ್ದೆ ಎಂದು ತೋರಿಸಬೇಕು. 1856ರ ಹನುಮಾನ್ ಪ್ರಸಾದ್ ಪಾಂಡೆ ಪ್ರಕರಣದಿಂದ ಬಂದ ನಿಯಮ ಇದು. ಹಾಗೆ ವಿಚಾರಿಸಿ ಕೊಂಡವನು, ಆಮೇಲೆ ಕರ್ತ ಆ ಹಣವನ್ನು ಏನು ಮಾಡಿದ ಎಂದು ಹಿಂಬಾಲಿಸಿ ನೋಡಬೇಕಾಗಿಲ್ಲ. ಕ್ರಯಪತ್ರದಲ್ಲಿ ಬರೆದ ಒಂದು ಸಾಲು ಮಾತ್ರ ತಾನಾಗಿಯೇ ಪುರಾವೆಯಾಗುವುದಿಲ್ಲ.

ಹಣದ ಜಾಡು ಬ್ಯಾಂಕಿನಿಂದ ಬಂತು. ಅಪ್ಪನ ಖಾತೆಯ ವಿವರ ತರಿಸಲು ನ್ಯಾಯಾಲಯಕ್ಕೆ ಅರ್ಜಿ ಹಾಕಿದೆವು. 50 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿ ಕೊಳ್ಳುವವರು ಶೇ 1ರಷ್ಟು ತೆರಿಗೆ ಹಿಡಿದು ಕಟ್ಟಬೇಕು. ಆ 64,000 ಕಳೆದು 63,36,000 ಅಪ್ಪನ ಖಾತೆಗೆ ಬಿದ್ದಿತ್ತು. ಒಂಬತ್ತು ದಿನದೊಳಗೆ 50 ಲಕ್ಷ ಅಣ್ಣನ ಪಾಲುದಾರಿಕೆ ಸಂಸ್ಥೆಗೆ ಹೋಗಿತ್ತು. 9 ಲಕ್ಷ ಮನೆ ದುರಸ್ತಿಗೆ ತೆಗೆದಿದ್ದ ಬ್ಯಾಂಕ್ ಸಾಲಕ್ಕೆ. ಅದು ಅವಶ್ಯಕತೆಯೇ ಎಂದು ನಾವೇ ಒಪ್ಪಿಕೊಂಡೆವು. ಉಳಿದದ್ದು ಖಾತೆಯಲ್ಲೇ ಇತ್ತು. 2009ರ ಲೆಕ್ಕವನ್ನು ತಿರುಗಿಸಿಟ್ಟ ಹಾಗೆ: ಅಲ್ಲಿ 11ರಲ್ಲಿ 9 ಲಕ್ಷ ಮನೆಗೆ ಹೋಗಿತ್ತು, ಇಲ್ಲಿ 64ರಲ್ಲಿ 9.

ಕೊಂಡವರ ಪಾಟೀಸವಾಲು 2023ರ ಸೆಪ್ಟೆಂಬರ್‌ನಲ್ಲಿ ನಡೆಯಿತು. ಅವರು ಕೆಟ್ಟವರೇನಲ್ಲ, ನಿವೃತ್ತಿಯ ಹಣ ಹಾಕಿ ಕೊಂಡಿದ್ದರು. ಮಾರುವವರಿಗೆ ಏಕೆ ಹಣ ಬೇಕಿತ್ತು ಎಂದು ಕೇಳಿದ್ದಿರಾ? ಇಲ್ಲ. ಮಕ್ಕಳೆಷ್ಟು ಎಂದು ಕೇಳಿದ್ದಿರಾ? ಮಗ ಬಂದಿದ್ದ, ಬೇರೆಯವರಿದ್ದಾರೆಂದು ತಿಳಿಯಲಿಲ್ಲ. ಯಾವ ದಾಖಲೆ ನೋಡಿದಿರಿ? ಖಾತೆ, ತೆರಿಗೆ ರಸೀದಿ, 13 ವರ್ಷದ ಋಣಭಾರ ಪ್ರಮಾಣಪತ್ರ. ಆ 13 ವರ್ಷದಲ್ಲಿ 1983ರ ಪಾಲುಪಟ್ಟಿ ಕಾಣಲು ಸಾಧ್ಯವೇ ಇರಲಿಲ್ಲ. ವಂಶವೃಕ್ಷವೊಂದನ್ನು ಕೇಳಿದ್ದರೆ ನಮ್ಮಿಬ್ಬರ ಹೆಸರು ಎದುರಿಗೆ ಬರುತ್ತಿತ್ತು. ಆಸ್ತಿ ಕೊಳ್ಳಲು ಹೊರಟವರು ಇದನ್ನು ಓದುತ್ತಿದ್ದರೆ, ಮಾರುವವರ ಹೆಣ್ಣುಮಕ್ಕಳು ಎಲ್ಲಿದ್ದಾರೆಂದು ಕೇಳಿ, ಅವರ ಸಹಿ ಪಡೆಯಿರಿ.

ಅಪ್ಪನ ಪಾಟೀಸವಾಲಿನ ದಿನವನ್ನು ಬರೆಯುವುದು ಕಷ್ಟ. ಕಟಕಟೆಯಲ್ಲಿ ಕುರ್ಚಿ ಹಾಕಿಸಿ ಕೂರಿಸಿದರು. "ಹೆಣ್ಣುಮಕ್ಕಳಿಗೆ ಏಕೆ ಹೇಳಲಿಲ್ಲ?" ಎಂಬ ಪ್ರಶ್ನೆಗೆ, "ಅವರು ಒಪ್ಪುವುದಿಲ್ಲವೆಂದು ಗೊತ್ತಿತ್ತು" ಎಂದರು. ನಮ್ಮ ದಾವೆಗೆ ಅದಕ್ಕಿಂತ ಬಲವಾದ ಉತ್ತರ ಬೇಕಿರಲಿಲ್ಲ. ಆದರೆ ಅವರ ಕೈ ನಡುಗುತ್ತಿದ್ದುದನ್ನು ನೋಡಿ ನಾನು ಹೊರಗೆ ಎದ್ದುಬಂದೆ.

ಗೆದ್ದರೂ ಏನು ಸಿಗುತ್ತದೆಂದು ಆಗ ವಕೀಲರು ಲೆಕ್ಕ ಹಾಕಿ ತೋರಿಸಿದರು. ನಮ್ಮ ಕಡೆಯ ಕಾನೂನಿನಲ್ಲಿ ಸಹದಾಯಾದಿಯೊಬ್ಬ ತನ್ನ ಅವಿಭಕ್ತ ಪಾಲನ್ನು ಬೆಲೆಗೆ ಮಾರಬಹುದು. ಆದ್ದರಿಂದ ಸಹಿ ಹಾಕಿದ ಅಪ್ಪ ಮತ್ತು ಅಣ್ಣನ ಅರ್ಧ ಹೇಗೂ ಕೊಂಡವರಿಗೇ. ನಮ್ಮದು ಉಳಿದ ಅರ್ಧ. ಅದನ್ನು ಕೈಗೆ ಪಡೆಯಲು ಅಂತಿಮ ಡಿಕ್ರಿಯ ನಡಾವಳಿ, ಕಮಿಷನರ್ ಅಳತೆ, ಮೇಲ್ಮನವಿ. ಇಡೀ ನಿವೇಶನವನ್ನು ಅಪ್ಪ ಮತ್ತು ಅಣ್ಣನ ಪಾಲಿಗೇ ಹಾಕಿ ನಮಗೆ ಮನೆಯಲ್ಲಿ ಹೆಚ್ಚು ಕೊಡಿ ಎಂದು ಕೇಳುವ ಅವಕಾಶವೂ ಕೊಂಡವರಿಗಿದೆ. ಅಂದರೆ ಅಪ್ಪ ಮಲಗುವ ಕೋಣೆಯೇ ನಮ್ಮ ಪಾಲಿಗೆ ಬರಬಹುದು.

ನ್ಯಾಯಾಲಯವೇ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳಿಸಿತು. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ 2024ರ ಕೊನೆಯಲ್ಲಿ ನಾಲ್ಕು ಸಲ ಕುಳಿತೆವು. ಮಧ್ಯಸ್ಥರು ಮೊದಲು ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೇಳಿದರು. ನಿವೇಶನದ ಬೆಲೆ ಆಗ ಸುಮಾರು 1 ಕೋಟಿ 30 ಲಕ್ಷ, ನಮ್ಮ ಅರ್ಧ 65 ಲಕ್ಷ. ವರ್ಷಗಟ್ಟಲೆ ಕಾಯುವುದನ್ನು ಬಿಟ್ಟು 44 ಲಕ್ಷಕ್ಕೆ ಒಪ್ಪಿದೆವು. 20 ಲಕ್ಷ ಕೊಂಡವರು ಕೊಟ್ಟರು, ನಿವೇಶನ ಪೂರ್ತಿ ಅವರದ್ದಾಯಿತು. ಉಳಿದ 24 ಲಕ್ಷಕ್ಕೆ ಅಣ್ಣ ಮನೆಯಲ್ಲಿದ್ದ ತನ್ನ ಕಾಲು ಪಾಲಿನಲ್ಲಿ ಅರ್ಧವನ್ನು ನಮಗೆ ಬಿಟ್ಟುಕೊಟ್ಟ. ಮನೆಗೆ 1 ಕೋಟಿ 92 ಲಕ್ಷ ಎಂದು ಎಲ್ಲರೂ ಒಪ್ಪಿದ ಲೆಕ್ಕ ಅದು. ಅಪ್ಪ ಇರುವವರೆಗೆ ಮನೆಯನ್ನು ಯಾರೂ ಭಾಗ ಮಾಡಿಸುವಂತಿಲ್ಲ ಎಂಬ ಷರತ್ತನ್ನು ಅಕ್ಕನೇ ಬರೆಸಿದಳು.

ವಕೀಲರ ಶುಲ್ಕ ಒಟ್ಟು 3 ಲಕ್ಷ 40 ಸಾವಿರ, ಕಂತುಗಳಲ್ಲಿ ಕೊಟ್ಟೆವು. ನಕಲು, ಅರ್ಜಿ, ಓಡಾಟಕ್ಕೆ 40 ಸಾವಿರದ ಹತ್ತಿರ. ನಾನು ಶಾಲೆಗೆ ಹಾಕಿದ ರಜೆ ಐವತ್ತೆಂಟು ದಿನ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಯಿದೆ ಮುಂದೆ ಹೋದ ದಿನಗಳು. ಪಾಲಿನ ಡಿಕ್ರಿಯನ್ನು ಮುದ್ರಾಂಕ ಕಾಗದದ ಮೇಲೆ ಬರೆಸಬೇಕೆಂಬುದು ಕೊನೆಯಲ್ಲಿ ತಿಳಿಯಿತು, ಆ ಖರ್ಚನ್ನು ಮೊದಲೇ ಎತ್ತಿಟ್ಟುಕೊಳ್ಳಿ.

ಮನೆಯ ಖಾತೆಗೆ ನಾಲ್ವರ ಹೆಸರು ಸೇರಿಸಲು ಅರ್ಜಿ ಬರೆದಿದ್ದೇನೆ. ಅದಕ್ಕೆ 1983ರ ಪಾಲುಪಟ್ಟಿಯ ಪ್ರತಿ ಬೇಕು. ಮೊನ್ನೆ ಭಾನುವಾರ ಅಪ್ಪ ಬೀರುವಿನಿಂದ ಮೂಲಪ್ರತಿಯನ್ನೇ ತೆಗೆದು, ಏನೂ ಹೇಳದೆ, ಊಟದ ಮೇಜಿನ ಮೇಲೆ ನನ್ನ ಮುಂದೆ ಇಟ್ಟರು.